ಕಾಫಿ ಹಣ್ಣಿನ ಸಿಪ್ಪೆ

ಎಪ್ಪತ್ತಮೂರನೇ ಇಸವಿಯಲ್ಲಿ ಹೊಸದುರ್ಗದ ಡಾಕ್ಟರು ಎದೆಬಡಿತ ಜಾಸ್ತಿಯೆಂದು ನಮ್ಮತ್ತೆ ಹನುಮಮ್ಮನಿಗೆ ಕಾಫಿ ಬಿಡಿಸಿದರು. ಆಮೇಲೆ ಅವರ ಸಿಡುಕನ್ನೆಲ್ಲ ಸಹಿಸಿದವಳು ನಾನು. ಆ ವರ್ಷ ಚಿಕ್ಕಮಗಳೂರಿನ ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಹೋದಾಗ, ಬೀಜ ತೆಗೆದು ಗೊಬ್ಬರಕ್ಕೆ ಎಸೆಯುವ ಕೆಂಪು ಸಿಪ್ಪೆಯನ್ನು ಕೇಳಿ ಪಡೆದೆ. ಬೂಷ್ಟು ಹಿಡಿಯದಂತೆ ಅಂದೇ ಚಾಪೆಯ ಮೇಲೆ ಹರಡಿ ಒಣಗಿಸಿದೆ. ಕಾಫಿಯ ಶಕ್ತಿಯೆಲ್ಲ ಬೀಜದಲ್ಲಿ, ಸಿಪ್ಪೆಯಲ್ಲೇನಿದೆ ಎಂದುಕೊಂಡಿದ್ದೆ.

ನಮ್ಮೂರು ಬಾಗೂರಿಗೆ ಬಂದು ಅದನ್ನು ಕುದಿಸಿ, ಸೋಸಿ ಕೊಟ್ಟೆ. ಅತ್ತೆ ಮೂಸಿ ನೋಡಿದರು.

"ಕಾಫಿ ವಾಸ್ನೆನೇ ಇಲ್ಲ. ಒಣದ್ರಾಕ್ಷಿ ನೆನೆಹಾಕಿದ ನೀರಿದ್ದಂಗೈತೆ."

ಒಂದು ಗುಟುಕು ಕುಡಿದರು. "ಒಂಚೂರು ಹುಳಿ, ಒಂಚೂರು ಸಿಹಿ. ಕಹಿ ಇಲ್ಲ. ಇನ್ನೊಂದು ಲೋಟ ಕೊಡು."

ಮಧ್ಯಾಹ್ನದೊಳಗೆ ಆರು ಲೋಟ ಮುಗಿಯಿತು. ಸಂಜೆಗೆ ಎದೆ ಮತ್ತೆ ಡವಡವ ಎಂದಿತು.

ಮರುದಿನ ಡಾಕ್ಟರ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ.

"ಸಿಪ್ಪೆನಾಗೂ ಕೆಫೀನ್ ಐತಮ್ಮ," ಎಂದರು ಅವರು. "ಒಂದು ಲೋಟಕ್ಕೆ ಕಾಫಿನಾಗಿರೋದ್ರ ಕಾಲುಭಾಗ ಅನ್ಕೋ. ಆರು ಕುಡಿದ್ರೆ ಒಂದೂವರೆ ಕಾಫಿ ಕುಡಿದಂಗೆ. ದಿನಕ್ಕೆ ಒಂದು ಸಾಕು."

ದಾರಿಯುದ್ದಕ್ಕೂ ಬೈಗುಳಕ್ಕೆ ಕಾದೆ. ಮಾರನೆಯ ಬೆಳಿಗ್ಗೆ ಅತ್ತೆ ತಾವೇ ಸಿಪ್ಪೆ ಕುದಿಸಿ ಎರಡು ಲೋಟಕ್ಕೆ ಸೋಸಿದರು, ಒಂದನ್ನು ನನ್ನ ಕಡೆ ತಳ್ಳಿದರು.

"ಇದು ನಿಮಗೆ ಅಂತ ತಂದಿದ್ದು ಅತ್ತೆ," ಎಂದೆ.

"ಸುಮ್ನೆ ಕುಡಿ ಪುಟ್ಟಕ್ಕ. ನಂಗೆ ಬಿಡಿಸಿದ ದಿನದಿಂದ ನೀನೂ ಕಾಫಿ ಮುಟ್ಟಿಲ್ಲ. ನಂದು ಎದೆ ಕೆಟ್ಟೈತೆ, ಕಣ್ಣು ಕೆಟ್ಟಿಲ್ಲ."