ಸಾಲು ಮುರಿದಲ್ಲಿ ತಮ್ಮ

ವರ್ಷಕ್ಕೊಮ್ಮೆ ನಾನು ನಮ್ಮ ಕಂಪನಿಯ ಯಜಮಾನರಾಗುತ್ತೇನೆ, ಬರೀ ಗಂಟಲಿನ ಮಟ್ಟಿಗೆ. ಅವರ ವಾರ್ಷಿಕ ಭಾಷಣ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಅವರ ದನಿಯಲ್ಲೇ ಗಟ್ಟಿಯಾಗಿ ಓದಿ, ಉಸಿರು ಮುಗಿಯುವಲ್ಲಿ ಗೆರೆ ಹಾಕುತ್ತೇನೆ. ಒಂದು ಗೆರೆಗೆ ಚಿಕ್ಕ ನಿಲುಗಡೆ, ಎರಡು ಗೆರೆಗೆ ಚಪ್ಪಾಳೆಗೆ ಜಾಗ. ಕಾಗದದಲ್ಲಿ ಚಂದ ಕಾಣುವ ‘ಆದಾಗ್ಯೂ’ ಬಾಯಲ್ಲಿ ಕಲ್ಲು, ‘ಆದರೂ’ ಸಾಕು.

ಈ ಸಲ ಯಜಮಾನರು ಮೊದಲೇ ಹೇಳಿದ್ದರು. “ನನ್ನ ತಮ್ಮನ ವಿಷಯ ಬೇಡ. ಬಂದ್ರೆ ಅಲ್ಲೇ ಕುಸೀತೀನಿ. ಎಂಟುನೂರು ಜನ ನೋಡ್ತಿರ್ತಾರೆ.”

ತಮ್ಮ ಅಂದರೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಚಿಕ್ಕ ಯಜಮಾನರು. ತೀರಿಹೋಗಿ ಎರಡು ತಿಂಗಳು. ಪ್ರತಿ ವರ್ಷ ಮುಂದಿನ ಕುರ್ಚಿಯಲ್ಲಿ ಕೂತು, ಅಣ್ಣ ಭಾಷಣದಲ್ಲಿ ಓಟ ಕಿತ್ತರೆ ಅಂಗೈ ಎತ್ತಿ ನಿಧಾನ ಮಾಡಿಸುತ್ತಿದ್ದರು. ನಾನು ಅವರನ್ನೂ ಅಣಕಿಸುತ್ತಿದ್ದೆ; ಮೂಗಿನಿಂದ ‘ಅಣ್ಣಾ’ ಅಂತ ಎಳೆದರೆ ಮೊದಲು ನಗುತ್ತಿದ್ದವರು ಅವರೇ.

ಹುಡುಕಿ ಹುಡುಕಿ ಅವರನ್ನು ಭಾಷಣದಿಂದ ತೆಗೆದೆ. ಹೆಸರು ಹೋಯಿತು. ‘ನಾವಿಬ್ಬರು’ ಹೋಗಿ ‘ನಾವು’ ಆಯಿತು. ತಾಲೀಮು ಸರಾಗವಾಗಿ ಮುಗಿಯಿತು.

ಭಾಷಣದ ಬೆಳಗ್ಗೆ ಯಜಮಾನರು ಕಣ್ಣು ಊದಿಸಿಕೊಂಡು ಬಂದರು. “ಅಕ್ಷರ ಕಾಣ್ತಿಲ್ಲ, ದೊಡ್ಡದು ಮಾಡಿ.”

ಭಾಷಣದ ಸಾಲುಗಳನ್ನು ವೇದಿಕೆಯ ಮುಂದಿನ ಗಾಜಿನ ಮೇಲೆ ತೋರಿಸುವ ಪ್ರಾಂಪ್ಟರ್ ಓಡಿಸುವಾಕೆಯನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ಆಕೆ ಅಕ್ಷರ ಹಿಗ್ಗಿಸಿದಳು; ಸಾಲುಗಳೆಲ್ಲ ಬೇರೆ ಬೇರೆ ಕಡೆ ಮುರಿದವು.

“ಇನ್ನೊಂದ್ಸಲ ನೋಡ್ತೀಯಾ?”

“ದೊಡ್ಡದಾಗಿದ್ದು ಅಕ್ಷರ ಅಕ್ಕ, ಅರ್ಥ ಅಲ್ಲ,” ಅಂದೆ. ಚುರುಕು ಮಾತಾಡಿದ ಖುಷಿಯಲ್ಲಿ ನೋಡಲೇ ಇಲ್ಲ.

ಹನ್ನೊಂದು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಪ್ರತಿ ವರ್ಷದ ಮಾಮೂಲಿ ಮಾತು: ‘ತಮ್ಮ ಬೆಂಬಲವಿಲ್ಲದೆ ನಾನಿಲ್ಲ.’ ಸಭೆಗೆ ಮರ್ಯಾದೆ ಕೊಡುವ ‘ತಮ್ಮ’. ‘ಬೆಂಬಲವಿಲ್ಲದೆ’ ಆ ಸಾಲಲ್ಲಿ ಹಿಡಿಸದೆ ಕೆಳಗಿಳಿದಿತ್ತು. ಗಾಜಿನ ಮೇಲೆ, ಗೇಣುದ್ದದ ಅಕ್ಷರದಲ್ಲಿ, ‘ತಮ್ಮ’ ಒಂಟಿಯಾಗಿ ನಿಂತಿತ್ತು.

“ತಮ್ಮ...” ಅಂದರು ಯಜಮಾನರು. ನಿಂತರು.

ನಾನಲ್ಲಿ ಗೆರೆ ಹಾಕಿರಲಿಲ್ಲ. ಪದಗಳ ಜೊತೆ ಆಡಿಕೊಂಡೇ ಹೊಟ್ಟೆ ಹೊರೆಯುವವನಿಗೆ ಈ ಒಂದು ಪದ ಕಂಡಿರಲಿಲ್ಲ.

“ಮುಂದೆ ತಳ್ಳಲಾ?” ಅಕ್ಕ ಪಿಸುಗುಟ್ಟಿದಳು. ಅಕ್ಷರ ಓದುವವರ ಹಿಂದೆ ಹೋಗಬೇಕು, ಓದುವವರು ಅಕ್ಷರದ ಹಿಂದಲ್ಲ, ಅವಳೇ ಕಲಿಸಿದ್ದು.

“ಬೇಡ.”

ಯಜಮಾನರ ಕಣ್ಣು ಗಾಜು ಬಿಟ್ಟು ಮುಂದಿನ ಕುರ್ಚಿಗೆ ಇಳಿಯಿತು. ಅಲ್ಲಿ ಯಾರೋ ಬ್ಯಾಂಕಿನವರು ಕೂತಿದ್ದರು.

“ಇಲ್ಲ,” ಅಂದರು, ಯಾರೋ ಏನೋ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ. ಕನ್ನಡಕ ತೆಗೆದು ವೇದಿಕೆ ಇಳಿದರು. ಅಕ್ಕನ ಕೈ ಗುಂಡಿಯ ಮೇಲೇ ಉಳಿಯಿತು.

ಪರದೆಯ ಹಿಂದೆ ಸಿಕ್ಕರು.

“ಬೇಕಂತ ಮಾಡಿದ್ಯಾ?”

“ಇಲ್ಲ ಸರ್. ನೋಡ್ಲಿಲ್ಲ.”

ಕೈಯಲ್ಲಿದ್ದ ಕನ್ನಡಕ ಮಡಚಿ ಜೇಬಿಗಿಟ್ಟರು. “ಅವನ ಥರ ಕರೀತಿದ್ದೆಯಲ್ಲ. ಒಂದ್ಸಲ ಕರಿ.”

ಬಾಯಿ ತೆರೆದೆ. ‘ಅಣ್ಣಾ’ ಬಂತು, ನನ್ನದೇ ದನಿಯಲ್ಲಿ.

ಅವರು ಹಾಗಲ್ಲವೆಂದು ತಲೆಯಾಡಿಸಿದರು. “ನಿಧಾನ,” ಅಂದರು. “ಅವನು ಇನ್ನೂ ಎಳೀತಿದ್ದ.”