ಒಂಬತ್ತು ಚುಕ್ಕೆ ಮತ್ತು ಒಂದು ಗೊರಕೆ

ಲಿಫ್ಟ್ ಮೆಕ್ಯಾನಿಕ್‌ಗೆ ತನ್ನ ಫೋನಿನ ಪ್ಯಾಟರ್ನ್ ಮರೆತುಹೋಯಿತು. ಮರೆಯಲಿ, ಯಾರು ಮರೆಯುವುದಿಲ್ಲ? ಆದರೆ ಈ ಮಹಾಶಯ ಮರೆತದ್ದು ನಾಳೆ ಸಂಜೆ ಮೂರು ವಾರದ ಕೆಲಸಕ್ಕೆ ದೂರದ ಊರಿಗೆ ಹೊರಡಬೇಕಾದಾಗ. ಆ ಫೋನಿನಲ್ಲಿದ್ದದ್ದು ಹೆಂಡತಿಯ ಗೊರಕೆ. ಅದಿಲ್ಲದೆ ಅವನಿಗೆ ನಿದ್ದೆ ಬರುವುದಿಲ್ಲ.

ನಗಬೇಡಿ. ಇಪ್ಪತ್ತಾರು ವರ್ಷ ಒಂದೇ ಸದ್ದಿನ ಪಕ್ಕ ಮಲಗಿದವನು ಹೊರಗೂರಿನ ಲಾಡ್ಜಿನಲ್ಲಿ ಮಲಗಿದರೆ ಆ ನಿಶ್ಶಬ್ದವೇ ಕಿವಿಗೆ ಬಡಿಯುತ್ತದೆ. ಹೋದ ವರ್ಷ ಹಾಗೆ ನಾಲ್ಕು ದಿನ ನಿದ್ದೆಗೆಟ್ಟು, ಐದನೇ ದಿನ ಏಣಿಯ ಮೇಲೆ ತೂಕಡಿಸಿ, ಸ್ವಲ್ಪದರಲ್ಲಿ ಪ್ರಾಣ ಉಳಿಸಿಕೊಂಡಿದ್ದ. ಅಲ್ಲಿಂದ ಬಂದವನೇ ಕಂಡುಹಿಡಿದ ಉಪಾಯ ಇದು. ಅವಳು ಮಲಗಿದ ಮೇಲೆ ದಿಂಬಿನ ಪಕ್ಕ ಫೋನ್ ಇಟ್ಟು ವಿಡಿಯೋ ಒತ್ತುವುದು. ಕತ್ತಲಲ್ಲಿ ಚಿತ್ರ ಬರೀ ಕಪ್ಪು, ಸದ್ದು ಮಾತ್ರ ಚೊಕ್ಕ. ಹಾಗೆ ನಲವತ್ತೊಂದು ವಿಡಿಯೋ ಕೂಡಿಟ್ಟಿದ್ದ.

ಇದು ಹೆಂಡತಿಗೆ ತಿಳಿಯಬಾರದು. ಏಕೆಂದರೆ ಅವಳ ಪ್ರಕಾರ ಅವಳು ಗೊರಕೆ ಹೊಡೆಯುವುದಿಲ್ಲ. ಹಿಂದೊಮ್ಮೆ ಅವಳ ತಂಗಿ ಬಾಯಿ ತಪ್ಪಿ ಆ ಮಾತು ಎತ್ತಿ, ಆರು ತಿಂಗಳು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಹಾಗಾಗಿ ಮೆಕ್ಯಾನಿಕ್ ಫೋನಿಗೆ ಪ್ಯಾಟರ್ನ್ ಹಾಕಿದ್ದ, ವಾರಕ್ಕೊಂದು ಸಲ ಬದಲಾಯಿಸುತ್ತಿದ್ದ. ಬದಲಾಯಿಸುವ ಕ್ರಮವೂ ಅವನದೇ. ಆ ವಾರ ಯಾವ ಲಿಫ್ಟಿನ ಪ್ಯಾನೆಲ್ ಬಿಚ್ಚಿದ್ದನೋ ಅದರ ತಂತಿಗಳ ದಾರಿಯನ್ನೇ ಒಂಬತ್ತು ಚುಕ್ಕೆಗಳ ಮೇಲೆ ಎಳೆಯುವುದು. ಜಗತ್ತಿನಲ್ಲಿ ಯಾವ ಕಳ್ಳನಿಗೂ ಸಿಗದ ಗುಟ್ಟು! ಈ ವಾರ ಅವನು ಏಳು ಲಿಫ್ಟು ಬಿಚ್ಚಿದ್ದ ಎನ್ನುವುದೇ ತೊಂದರೆ.

ಬೆಳಿಗ್ಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಆಸ್ಪತ್ರೆಯ ಲಿಫ್ಟು ಎಳೆದ, ಆಗಲಿಲ್ಲ. ಬ್ಯಾಂಕಿನದು ಎಳೆದ, ಆಗಲಿಲ್ಲ. ಐದು ಸಲ ತಪ್ಪಾದ ಮೇಲೆ ಫೋನು ಮೂವತ್ತು ಸೆಕೆಂಡು ಕಾಯಿ ಎಂದಿತು. ಆಮೇಲೆ ಇನ್ನೂ ಹೆಚ್ಚು ಕಾಯಿ ಎಂದಿತು.

"ಏನ್ರೀ ಅದು, ಬೆಳಿಗ್ಗೆಯಿಂದ ಫೋನಿಗೆ ರಂಗೋಲಿ ಬಿಡ್ತಾ ಇದ್ದೀರಾ?" ಎಂದಳು ಹೆಂಡತಿ, ಒಗೆದ ಬಟ್ಟೆ ಮಡಚುತ್ತ.

"ಏನಿಲ್ಲ, ಹ್ಯಾಂಗ್ ಆಗಿದೆ."

"ಹ್ಯಾಂಗ್ ಆಗಿದ್ಯೋ, ಮರೆತಿದ್ದೀರೋ? ಅಷ್ಟಕ್ಕೂ ನಿಮ್ಮ ಫೋನಿಗೆ ಬೀಗ ಯಾಕೆ? ನನ್ನದಕ್ಕಿದ್ಯಾ?"

ಮೆಕ್ಯಾನಿಕ್ ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋದ. ಅಲ್ಲಿ ಅವನ ಕೆಲಸದ ಚಟ ಅವನನ್ನು ಕೆಡಿಸಿತು. ಲಿಫ್ಟು ಮಾತು ಕೇಳದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ಹತ್ತು ಎಣಿಸಿ, ಮತ್ತೆ ಆನ್ ಮಾಡು. ಮೂವತ್ತು ವರ್ಷದಿಂದ ಅವನ ಬಾಯಲ್ಲಿರುವ ಮಂತ್ರ ಇದು. ಫೋನಿಗೂ ಇಂಥದ್ದೊಂದು ಇದೆ ಎಂದು ಗೊತ್ತಿತ್ತು. ಆಫ್ ಮಾಡಿ, ಪವರ್ ಬಟನ್ ಜೊತೆ ವಾಲ್ಯೂಮ್ ಬಟನ್ ಒತ್ತಿ ಹಿಡಿದ. ಕಪ್ಪು ಪರದೆಯ ಮೇಲೆ ಪಟ್ಟಿ ಬಂತು. ಎಲ್ಲ ಅಳಿಸಿಹೋಗುತ್ತದೆ, ಖಚಿತವೇ ಎಂದು ಕೇಳಿತು. ಓದದೆಯೇ ಹೌದು ಎಂದ. ಓದಿದ್ದರೆ ಕಥೆಯೇ ಇರುತ್ತಿರಲಿಲ್ಲ, ಬಿಡಿ.

ಫೋನು ಹೊಸ ಫೋನಿನ ಹಾಗೆ ಎದ್ದು ನಮಸ್ಕಾರ ಹೇಳಿತು. ಭಾಷೆ ಕೇಳಿತು, ವೈಫೈ ಕೇಳಿತು. ಅಷ್ಟು ಮರ್ಯಾದೆ ತೋರಿಸಿದ ಮೇಲೆ ಹೇಳಿತು: ಈ ಫೋನನ್ನು ಅಳಿಸಲಾಗಿದೆ, ಹಿಂದೆ ಇದರಲ್ಲಿದ್ದ ಇಮೇಲ್ ಖಾತೆಯಿಂದ ಒಳಗೆ ಬನ್ನಿ. ಇಲ್ಲವೇ ಹಿಂದಿನ ಪ್ಯಾಟರ್ನ್ ಎಳೆಯಿರಿ.

"ಅಯ್ಯೋ ನಿನ್ನ!" ಎಂದ ಮೆಕ್ಯಾನಿಕ್. ಎಲ್ಲವನ್ನೂ ಮರೆತ ಫೋನು ಆ ಪ್ಯಾಟರ್ನ್ ಒಂದನ್ನು ಮಾತ್ರ ಮರೆತಿರಲಿಲ್ಲ. ಎಲ್ಲವೂ ನೆನಪಿದ್ದ ಅವನು ಅದೊಂದನ್ನೇ ಮರೆತಿದ್ದ.

ಬೀದಿ ತಿರುವಿನಲ್ಲಿ ಫೋನ್ ಕವರ್ ಮಾರುವವನು, "ಹತ್ತು ನಿಮಿಷ ಕೊಡಿ ಅಣ್ಣ, ಆ ಖಾತೆ ಗೀತೆ ಎಲ್ಲ ಹಾರಿಸಿಬಿಡ್ತೀನಿ" ಎಂದ. ಮೆಕ್ಯಾನಿಕ್‌ಗೆ ಸಿಟ್ಟು ನೆತ್ತಿಗೇರಿತು. ಲಿಫ್ಟಿನ ಬಾಗಿಲ ಲಾಕನ್ನು ತಂತಿ ಸೇರಿಸಿ ಹಾರಿಸುವವರನ್ನು ಕಂಡರೆ ಅವನಿಗೆ ಮೊದಲಿಂದಲೂ ಮೈ ಉರಿ. ಬಿಲ್ಲು, ಗುರುತಿನ ಚೀಟಿ ಜೇಬಿಗೆ ಹಾಕಿಕೊಂಡು ನೆಟ್ಟಗೆ ಕಂಪನಿಯ ಸರ್ವಿಸ್ ಸೆಂಟರಿಗೆ ನಡೆದ.

ಅಲ್ಲಿ ಕೌಂಟರಿನಲ್ಲಿ ದಪ್ಪ ಕನ್ನಡಕದ ಮೇಡಮ್ ಒಬ್ಬರು ಕೂತಿದ್ದರು. ಕುರ್ಚಿಗಳ ತುಂಬ ಟೋಕನ್ ಹಿಡಿದವರು. ಮೆಕ್ಯಾನಿಕ್ ನಡೆದದ್ದೆಲ್ಲ ಹೇಳಿದ, ಗೊರಕೆ ಒಂದನ್ನು ಬಿಟ್ಟು.

"ಅಳಿಸೋಕೆ ಮುಂಚೆ ಬರಬೇಕಿತ್ತು ಸರ್," ಎಂದರು ಮೇಡಮ್. "ಖಾತೆ ಒಳಗೆ ಹೋಗೋಕೆ ಆಗುತ್ತಾ ಅಂತ ಮೊದಲು ನೋಡ್ಕೊಂಡು, ಆಮೇಲೆ ಅಳಿಸ್ತಾರೆ. ನೀವು ಉಲ್ಟಾ ಮಾಡಿದ್ದೀರಿ."

"ನನ್ನ ಫೋನು, ನನ್ನ ಬಿಲ್ಲು, ಇದು ನನ್ನ ಮುಖ. ಮತ್ತೆ ನನ್ನನ್ನೇ ಯಾರು ಅಂತ ಕೇಳೋದು ಯಾವ ನ್ಯಾಯ?"

"ಕಳ್ಳ ಕದ್ದ ಅಂತ ಇಟ್ಕೊಳ್ಳಿ. ಅವನೂ ನಿಮ್ಮ ಹಾಗೇ ಎರಡು ಬಟನ್ ಒತ್ತಿ ಅಳಿಸ್ತಾನೆ. ಆಮೇಲೆ ಫೋನು ಸುಮ್ಮನೆ ತೆರ್ಕೊಂಡ್ರೆ, ಕದ್ದಿದ್ದೆಲ್ಲ ಹೊಸ ಫೋನೇ ಆಗ್ಬಿಡುತ್ತೆ. ಅದಕ್ಕೆ ಹಳೇ ಖಾತೆ ಕೇಳೋದು. ಫೋನಿಗೆ ಮುಖ ಕಾಣಲ್ಲ ಸರ್."

ಮೆಕ್ಯಾನಿಕ್‌ಗೆ ಮಾತು ನಾಟಿತು. ಹಗ್ಗ ಕಡಿದರೆ ಲಿಫ್ಟಿನ ಬ್ರೇಕು ಹಿಡಿಯುತ್ತದೆ, ಒಳಗಿರುವವರು ಯಾರು ಎಂದು ನೋಡುವುದಿಲ್ಲ. ಅದನ್ನು ಅವನೇ ಎಷ್ಟೋ ಜನರಿಗೆ ಹೇಳಿದ್ದ. "ಬಿಲ್ಲು ತೋರಿಸಿದ್ರೆ ನೀವೇ ಬೀಗ ತೆಗೆಯೋಕಾಗಲ್ವಾ?" ಎಂದ, ದನಿ ತಗ್ಗಿಸಿ.

"ಅರ್ಜಿ ಹಾಕಬಹುದು, ಕೆಲವು ದಿನ ಹಿಡಿಯುತ್ತೆ. ಆದ್ರೆ ತೆಗೆದು ಕೊಟ್ರೂ ಖಾಲಿ ಫೋನೇ. ನಿಮ್ಮ ಫೋಟೋ ವಿಡಿಯೋ ಏನಾದ್ರೂ ಉಳಿದಿದ್ರೆ ಖಾತೆ ಒಳಗೆ ಉಳಿದಿರುತ್ತೆ, ಬ್ಯಾಕಪ್ ಆನ್ ಆಗಿದ್ರೆ. ಹಾಗಾಗಿ ಖಾತೆಯನ್ನೇ ವಾಪಸ್ ಪಡೆಯೋಣ. ಪಾಸ್‌ವರ್ಡ್?"

"ಪಾಸ್‌ವರ್ಡ್ ಅಂತ ಒಂದಿತ್ತಾ?"

ಮೇಡಮ್ ನಿಟ್ಟುಸಿರು ಬಿಟ್ಟು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಪಾಸ್‌ವರ್ಡ್ ಮರೆತೆ ಎಂದು ಒತ್ತಿದಾಗ, ಮೊದಲೇ ಕೊಟ್ಟ ನಂಬರಿಗೆ ಒಂದು ಸಂಖ್ಯೆ ಕಳಿಸುತ್ತೇನೆ ಎಂದಿತು. ನಂಬರಿನ ಕೊನೆಯ ಎರಡು ಅಂಕೆ ಮಾತ್ರ ಕಾಣುತ್ತಿತ್ತು. ಅವನ್ನು ನೋಡಿದ್ದೇ ಮೆಕ್ಯಾನಿಕ್ ಪರದೆಗೆ ಮೂಗು ತಾಗಿಸಿ ಮತ್ತೊಮ್ಮೆ ನೋಡಿದ. ಹೆಂಡತಿಯ ನಂಬರು! ಫೋನ್ ಕೊಂಡ ದಿನ ಅವನ ಸಿಮ್ ಇನ್ನೂ ಶುರುವಾಗಿರಲಿಲ್ಲ, ಪಕ್ಕದಲ್ಲಿದ್ದ ಅವಳೇ, ನನ್ನದು ಹಾಕಿ ಎಂದಿದ್ದಳು.

ಬೇರೆ ದಾರಿಯಿರಲಿಲ್ಲ. ಸೆಂಟರಿನ ಫೋನಿನಿಂದ ಮನೆಗೆ ಕರೆ ಮಾಡಿದ. "ನೋಡು, ನಿನ್ನ ಫೋನಿಗೆ ಈಗ ಒಂದು ನಂಬರ್ ಬರುತ್ತೆ, ಅದನ್ನ ಹೇಳು."

ಆ ಕಡೆಯಿಂದ ಅನುಮಾನದ ದನಿ: "ಯಾರ್ರೀ ಮಾತಾಡೋದು?"

"ನಾನೇ ಕಣೇ!"

"ಎಲ್ಲಾ ಕಳ್ಳರೂ ನಾನೇ ಅಂತಾನೇ ಹೇಳೋದು. ಬಂದ ನಂಬರ್ ಫೋನಲ್ಲಿ ಯಾರಿಗೂ ಹೇಳಬಾರದು, ಬ್ಯಾಂಕಿನವರು ಹೇಳಿದ್ದಾರೆ. ನನ್ನ ಗಂಡನ ದನಿ ಕಲಿತ್ಕೊಂಡು ಬಂದಿದ್ದೀಯಾ, ಇಡಪ್ಪ ಫೋನು."

ಫೋನು ಕಟ್ಟಾಯಿತು. ಎದುರಿಗೆ ಕೂತಿದ್ದ ಮೇಡಮ್ ಮೊದಲ ಸಲ ನಕ್ಕರು. "ಸರಿಯಾಗಿ ಹೇಳಿದ್ದಾರೆ. ಅವರನ್ನೇ ಕರ್ಕೊಂಡು ಬನ್ನಿ. ಅವರ ಫೋನಲ್ಲೇ ಮಾಡಿದ್ರೆ ಇನ್ನೂ ಒಳ್ಳೇದು, ಆ ಖಾತೆಗೆ ಪರಿಚಯದ ಫೋನು, ಪರಿಚಯದ ಜಾಗ ಅಂದ್ರೆ ಬೇಗ ನಂಬಿಕೆ ಬರುತ್ತೆ. ನಿಮ್ಮ ಖಾತೆ ಯಾವತ್ತಾದ್ರೂ ಅದರಲ್ಲಿತ್ತಾ?"

ಇತ್ತು. ಅವನ ಅಕ್ಕನ ಮಗನ ಮದುವೆ ಫೋಟೋ ನೋಡಲು ಅವಳೇ ಹಿಂದೊಮ್ಮೆ ಹಾಕಿಕೊಂಡು, ಆಮೇಲೆ ತೆಗೆದಿದ್ದಳು. ಮೆಕ್ಯಾನಿಕ್ ಕೈ ಚೆಲ್ಲಿ ಕುರ್ಚಿಯಲ್ಲಿ ಕುಸಿದ.

ಆಮೇಲೆ ಮನೆಗೆ ಹೋಗಿ ಹೆಂಡತಿಯನ್ನು ಕರೆತಂದ. ದಾರಿಯುದ್ದಕ್ಕೂ ಅವಳು, "ಏನಿದೆ ಅಂಥದ್ದು ಅದರೊಳಗೆ?" ಎಂದು ಕೇಳಿದ್ದು ಹದಿಮೂರು ಸಲ. ಅವನು, "ಕೆಲಸದ್ದು" ಎಂದದ್ದು ಹದಿಮೂರು ಸಲ. ಮೇಡಮ್ ಹೇಳಿಕೊಟ್ಟ ಹಾಗೆ ಅವಳ ಫೋನಿನಲ್ಲೇ ಸಂಖ್ಯೆ ಬಂತು, ಅವಳೇ ಒತ್ತಿದಳು, ಹೊಸ ಪಾಸ್‌ವರ್ಡ್ ಕೂಡ ಅವಳೇ ಹಾಕಿ ಅವನಿಂದ ಚೀಟಿಯಲ್ಲಿ ಬರೆಸಿದಳು.

"ಪಾಸ್‌ವರ್ಡ್ ಈಗಷ್ಟೇ ಬದಲಾಗಿದೆ, ಹಾಗಾಗಿ ನಿಮ್ಮ ಫೋನು ಈ ಹೊತ್ತೇ ಒಪ್ಪದೇ ಇರಬಹುದು," ಎಂದರು ಮೇಡಮ್. "ಒಂದು ದಿನ ಕಾದು ನೋಡಿ, ಒಮ್ಮೊಮ್ಮೆ ಇನ್ನೂ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ವಿಡಿಯೋ ಎಲ್ಲ ಇವರ ಫೋನಲ್ಲೇ ಕಾಣುತ್ತೆ. ಬ್ಯಾಕಪ್ ಆನ್ ಇತ್ತು, ನಿಮ್ಮ ಪುಣ್ಯ."

ಪುಣ್ಯವೋ ಪಾಪವೋ ದೇವರಿಗೇ ಗೊತ್ತು. ಪರದೆಯ ಮೇಲೆ ಒಂದೊಂದಾಗಿ ಕಪ್ಪು ಚೌಕಗಳು ಬಂದು ಕೂತವು. ಮೂವತ್ತೊಂಬತ್ತು. ಕೊನೆಯೆರಡು ವೈಫೈ ಸಿಗದೆ ಬ್ಯಾಕಪ್ ಆಗದೆ ಫೋನಿನ ಜೊತೆಗೇ ಅಳಿಸಿಹೋಗಿದ್ದವು.

"ಇದೇನ್ರೀ, ಕತ್ತಲೇನ ಯಾರಾದ್ರೂ ವಿಡಿಯೋ ಮಾಡ್ತಾರಾ?" ಎನ್ನುತ್ತಲೇ ಒಂದನ್ನು ಒತ್ತಿದಳು. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಸರ್ವಿಸ್ ಸೆಂಟರಿನ ತುಂಬ ಗೊರಕೆ ಮೊಳಗಿತು. ಶುರುವಿನಲ್ಲಿ ಸಣ್ಣಗೆ, ಆಮೇಲೆ ಮರ ಕೊಯ್ಯುವ ಹಾಗೆ. ಟೋಕನ್ ಹಿಡಿದವರೆಲ್ಲ ತಲೆ ಎತ್ತಿದರು.

"ಯಾರ್ರೀ ಇದು?"

"ನೀನೇ."

"ನಾನು ಗೊರಕೆ ಹೊಡೆಯಲ್ಲ."

"ಸರಿ, ಹೊಡೆಯಲ್ಲ."

"ಹಾಗಾದ್ರೆ ಇವಳ್ಯಾರು?"

ಇಂಥ ಸಂಕಟ ಯಾವ ಗಂಡನಿಗೂ ಬರಬಾರದು. ಗೊರಕೆ ಅವಳದು ಎಂದರೆ ಅವಮಾನ, ಅಲ್ಲ ಎಂದರೆ ಇನ್ನೊಬ್ಬಳು. ಮೆಕ್ಯಾನಿಕ್ ಮೇಡಮ್ ಕಡೆ ನೋಡಿದ. ಮೇಡಮ್, "ಖಾತೆ ಯಾರದು ಅಂತ ಹೇಳಬಲ್ಲೆ ಸರ್, ಗೊರಕೆ ಯಾರದು ಅಂತ ಹೇಳೋಕಾಗಲ್ಲ" ಎಂದು ಕನ್ನಡಕ ಒರೆಸತೊಡಗಿದರು. ಹಿಂದಿನ ಸಾಲಿನ ಅಜ್ಜನೊಬ್ಬ ಮಾತ್ರ, "ಹೆಂಗಸಿನದೇ ಅಂತ ಹೇಗೆ ಹೇಳೋದು?" ಎಂದು ಗಂಭೀರವಾಗಿ ಸಂಶಯ ಎತ್ತಿದ.

"ನೀವು ಸುಮ್ನಿರಿ ಅಜ್ಜ. ಹೊರಗೂರಿನ ಕೆಲಸ, ಹೊರಗೂರಿನ ಕೆಲಸ ಅಂದ್ರೆ ಇದೇನಾ? ಹೇಳ್ರೀ!" ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅದನ್ನು ಕಂಡು ಅವನಿಗೆ ನಿಜವಾಗಿಯೂ ಭಯವಾಯಿತು.

ವಿಡಿಯೋ ತನ್ನ ಪಾಡಿಗೆ ಓಡುತ್ತಲೇ ಇತ್ತು. ಇದ್ದಕ್ಕಿದ್ದ ಹಾಗೆ ಗೊರಕೆ ನಿಂತಿತು. ಕಪ್ಪು ಪರದೆಯೊಳಗಿಂದ ನಿದ್ದೆಮಂಪರಿನ ದನಿಯೊಂದು, "ರೀ... ಬಾಗಿಲು ಹಾಕಿದ್ದೀರಾ?" ಎಂದಿತು. ಅದರ ಬೆನ್ನಿಗೇ ಅವನ ದನಿ, ತೀರ ಮೆಲ್ಲಗೆ: "ಹಾಕಿದ್ದೀನಿ, ಮಲಗು." ಗೊರಕೆ ಮತ್ತೆ ಶುರುವಾಯಿತು.

ಅವಳು ಫೋನನ್ನೇ ನೋಡುತ್ತ ನಿಂತಳು. ಇನ್ನೊಂದು ಒತ್ತಿದಳು, ಮುಂದಕ್ಕೆ ಓಡಿಸಿದಳು. ಅದರಲ್ಲೂ ಬಾಗಿಲು, ಅದರಲ್ಲೂ ಹಾಕಿದ್ದೀನಿ. ಮೂರನೆಯದರಲ್ಲೂ ಅದೇ.

"ದಿನಾ ಕೇಳ್ತೀನಾ?"

"ದಿನಾ."

"ನನಗೆ ಗೊತ್ತೇ ಇಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಇಡೀ ಸೆಂಟರಿಗೆ ಕೇಳುವ ಹಾಗೆ, "ಅದು ನಾನೇ" ಎಂದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

"ಅದಿಲ್ಲದೆ ನಿದ್ದೆ ಬರಲ್ಲ ಕಣೇ, ಅದಕ್ಕೇ..." ಎಂದ ಅವನು.

"ನಿಮಗೇನೋ ಮೂವತ್ತೊಂಬತ್ತು ಸಿಕ್ತು. ನಾಳೆಯಿಂದ ಮೂರು ವಾರ ನಾನು ಕೇಳಿದ್ರೆ ಹೇಳೋರು ಯಾರು?"

ಅವಳು ತನ್ನ ಫೋನಿನಲ್ಲಿ ವಿಡಿಯೋ ತೆರೆದು, ಕ್ಯಾಮೆರಾವನ್ನು ಬೆರಳಿನಿಂದ ಮುಚ್ಚಿ, ಅವನ ಬಾಯಿಗೆ ಹಿಡಿದಳು. ಟೋಕನ್ನಿನವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮೆಕ್ಯಾನಿಕ್ ಒಮ್ಮೆ ಗಂಟಲು ಸರಿಮಾಡಿಕೊಂಡ.

"ಹಾಕಿದ್ದೀನಿ," ಎಂದ. "ಮಲಗು."