ಹತ್ತನೆಯ ಪದ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಭಾನುವಾರ ಬಂದಷ್ಟು ಸಿಟ್ಟು ಬೇರೆ ಯಾವತ್ತೂ ಬಂದಿಲ್ಲ. ಅದೂ ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆ ನನಗೇ.

೧೯೪೧ನೆಯ ಇಸವಿ. ನಾನು, ಯರ್ರಿಸ್ವಾಮಿ, ಜಗಳೂರಿನವನು, ಸವಳಂಗದ ಪ್ರೈಮರಿ ಶಾಲೆಗೆ ಮೇಷ್ಟ್ರಾಗಿ ಬಂದು ಎರಡು ವರ್ಷವಾಗಿತ್ತು. ಅಲ್ಲಿ ವಾಚನಾಲಯ ಅಂತ ಇದ್ದದ್ದು ಅಡಿಕೆ ವ್ಯಾಪಾರದ ಮುರುಗೇಶಪ್ಪನವರ ಮನೆಯ ಪಡಸಾಲೆ. ಪ್ರತಿ ಗುರುವಾರ ಶಿವಮೊಗ್ಗದ ಬಸ್ಸಿನಲ್ಲಿ ಒಂದು ವಾರಪತ್ರಿಕೆ ಬರುತ್ತಿತ್ತು. ಯುದ್ಧದ ಸುದ್ದಿ ಆಮೇಲೆ. ಮೊದಲು ಎಲ್ಲರಿಗೂ ಬೇಕಾಗಿದ್ದು ಕೊನೆಯ ಪುಟದ ಮೂಲೆ.

ಆ ಮೂಲೆಯಲ್ಲಿ ಹತ್ತು ಪದ ಇರುತ್ತಿದ್ದವು. ಪ್ರತಿಯೊಂದರಲ್ಲಿ ಒಂದೇ ಒಂದು ಅಕ್ಷರ ತೆಗೆಯಬೇಕು. ಉಳಿದದ್ದನ್ನು ಹಿಂದೆ ಮುಂದೆ ಮಾಡದೆ ಇದ್ದ ಹಾಗೇ ಓದಿದರೆ ಇನ್ನೊಂದು ಪದ ಸಿಗಬೇಕು. ‘ಹಲಸು’ ಎನ್ನುವುದರಲ್ಲಿ ‘ಲ’ ತೆಗೆದರೆ ‘ಹಸು’. ಒತ್ತು, ಸೊನ್ನೆ, ಕೊಂಬು, ಯಾವುದಿದ್ದರೂ ಅಕ್ಷರದ ಜೊತೆಗೇ ಹೋಗಬೇಕು. ಕೇಳಲು ಮಕ್ಕಳಾಟ. ಆದರೆ ಕೂತು ನೋಡಿ, ಗೊತ್ತಾಗುತ್ತದೆ. ಊರಿನ ದೊಡ್ಡವರೆಲ್ಲ ನಶ್ಯ ಏರಿಸಿಕೊಂಡು, ತಲೆ ಕೆರೆದುಕೊಂಡು, ಆರು ಪದಕ್ಕೇ ಸುಸ್ತಾಗುತ್ತಿದ್ದರು. ನಾನು ಹತ್ತೂ ಬಿಡಿಸಿ ಮೀಸೆ ತಿರುವುತ್ತಿದ್ದೆ. ನನ್ನಂಥವನು ಮೂರು ಹೋಬಳಿಯಲ್ಲಿ ಇಲ್ಲ ಅನ್ನುವ ಜಂಬ ನನಗಿತ್ತು.

ಆ ಜಂಬ ಒಂದು ಗುರುವಾರ ಮಧ್ಯಾಹ್ನ ಮುರಿಯಿತು. ನಾನು ‘ಮೊಸಳೆ’ ಎಂದು ಗಟ್ಟಿಯಾಗಿ ಓದಿದ್ದೆ. ಎಷ್ಟು ನೋಡಿದರೂ ನನಗೇ ಹೊಳೆಯಲಿಲ್ಲ. ಅಷ್ಟರಲ್ಲಿ ಒಳಬಾಗಿಲಿಂದ ನನ್ನ ನಾಲ್ಕನೆಯ ತರಗತಿಯ ಲಕ್ಷ್ಮಕ್ಕ ಬಂದು, “ಸಾರ್, ಮೊಳೆ ಅಂತೆ. ಅವ್ವ ಅಂದ್ಲು” ಎಂದಳು.

ಲಕ್ಷ್ಮಕ್ಕನ ಅವ್ವ ಎಂದರೆ ಮುರುಗೇಶಪ್ಪನವರ ತಮ್ಮ ಸಂಗಪ್ಪನ ಹೆಂಡತಿ. ಭಾವ ಕೂತ ಪಡಸಾಲೆಗೆ ಆಕೆ ಬರುವವಳಲ್ಲ. ಎರಡು ವರ್ಷದಲ್ಲಿ ನಾನು ಆಕೆಯ ಬಳೆಯ ಸದ್ದು ಕೇಳಿದ್ದೇನೆಯೇ ಹೊರತು ಮುಖ ಸರಿಯಾಗಿ ಕಂಡಿರಲಿಲ್ಲ. ಆಕೆಗೆ ಅಕ್ಷರ ಬಾರದು. ಹಾಗಾದರೆ ಅಕ್ಷರ ತೆಗೆಯುವುದು ಹೆಂಗೆ ಮಾರಾಯರೇ? ಲಕ್ಷ್ಮಕ್ಕನನ್ನು ಕೇಳಿದೆ. ಅವ್ವ ಮೊರದ ಮೇಲೆ ಅವರೆಕಾಳು ಇಡುತ್ತಾಳಂತೆ. ‘ಮೊ’ ಅಂದರೆ ಒಂದು ಕಾಳು, ‘ಸ’ ಅಂದರೆ ಒಂದು, ‘ಳೆ’ ಅಂದರೆ ಒಂದು. ಆಮೇಲೆ ಒಂದೊಂದೇ ಕಾಳು ಬೆರಳಿಂದ ಆಚೆ ತಳ್ಳಿ, ಉಳಿದವನ್ನು ಮುಟ್ಟುತ್ತಾ ಬಾಯಲ್ಲಿ ಅಂದುಕೊಳ್ಳುತ್ತಾಳಂತೆ. ನಾವು ಓದಿದವರು ಬರೆದ ಪದವನ್ನೇ ದಿಟ್ಟಿಸಿ ಅದರಲ್ಲೇ ಸಿಕ್ಕಿಕೊಳ್ಳುತ್ತೇವೆ. ಆಕೆಗೆ ಬರೆದ ಪದವೇ ಇಲ್ಲ, ಬರೀ ದನಿ. ಆಹಾ, ಎಂಥ ಉಪಾಯ! ನಾನು ಮನೆಗೆ ಹೋಗಿ ಗುಟ್ಟಾಗಿ ಕಾಳಿಟ್ಟು ನೋಡಿದೆ. ಕೆಲಸ ಮಾಡುತ್ತದೆ!

ಅಲ್ಲಿಂದಾಚೆ ವಾರವಾರವೂ ಒಳಗಿಂದ ಉತ್ತರ ಬರತೊಡಗಿತು. ಹತ್ತಕ್ಕೆ ಹತ್ತು. ಮುರುಗೇಶಪ್ಪನವರಿಗೆ ಮಾತ್ರ ಅನುಮಾನ.

“ಮೇಷ್ಟ್ರೇ, ಹುಡುಗಿಗೆ ಸಾಲ್ಯಾಗೆ ನೀವೇ ಹೇಳ್ಕೊಟ್ಟು ಕಳಸ್ತೀರಿ. ನಮಗೆ ಟೋಪಿ ಹಾಕಾಕೆ ನೋಡ್ಬ್ಯಾಡ್ರಿ.”

ಅವರ ಅನುಮಾನಕ್ಕೆ ಕಾರಣವಿತ್ತು. ಲಕ್ಷ್ಮಕ್ಕ ನಾಲ್ಕನೆಯ ತರಗತಿಯಲ್ಲಿ ಮೊದಲನೆಯವಳಾಗಿ ಪಾಸಾಗಿದ್ದಳು. ಸವಳಂಗದಲ್ಲಿ ಅಲ್ಲಿಗೆ ಶಾಲೆ ಮುಗಿಯಿತು. ಹೊನ್ನಾಳಿಯ ಮಿಡ್ಲ್ ಸ್ಕೂಲಿಗೆ ಕಳಿಸಿ, ಅಲ್ಲಿ ಅವಳ ಸೋದರಮಾವನ ಮನೆ ಇದೆಯಲ್ಲ ಎಂದು ನಾನು ಅವರ ಜೀವ ತಿನ್ನುತ್ತಿದ್ದೆ. ಅದಕ್ಕೇ ಈ ಆಟ ಹೂಡಿದ್ದೇನೆ ಅಂತ ಅವರ ಎಣಿಕೆ. ಮನೆಯ ಯಜಮಾನರು ಅವರೇ. ಸಂಗಪ್ಪ ಅಣ್ಣನ ಮುಂದೆ ತುಟಿ ಬಿಚ್ಚುವವನಲ್ಲ.

ಒಂದು ಗುರುವಾರ ಮುರುಗೇಶಪ್ಪ ರೇಗಿಯೇಬಿಟ್ಟರು. “ಆತು! ಭಾನುವಾರ ನಾಕು ಜನದ ಮುಂದೆ ತೋರಿಸ್ಲಿ. ನೀವೇ ಹತ್ತು ಪದ ಮಾಡ್ಕೊಂಬರ್ರಿ, ಪತ್ರಿಕೆದು ಬ್ಯಾಡ. ಹುಡುಗಿ ನಮ್ಮ ಪಕ್ಕ ಕೂತಿರ್ತಾಳೆ. ಆಕಿ ಅವ್ವನ ಬಾಯಿಂದಲೇ ಉತ್ತರ ಬರ್ಬೇಕು. ಹತ್ತೂ ಹೇಳಿದ್ರೆ ಹುಡುಗಿ ಹೊನ್ನಾಳಿಗೆ. ಒಂದು ತಪ್ಪಿದ್ರೂ ಈ ಮಾತು ಇನ್ನ ಎತ್ತಬಾರ್ದು.”

ಮೂರು ದಿನ ನನಗೆ ನಿದ್ದೆಯಿಲ್ಲ. ಪದಗಳು ತೀರ ಸುಲಭವಾದರೆ ಮುರುಗೇಶಪ್ಪ ಒಪ್ಪುವುದಿಲ್ಲ. ಕಷ್ಟವಾದರೆ ಆ ತಾಯಿ ಸೋಲುತ್ತಾಳೆ. ಕೊನೆಗೆ ಒಂಬತ್ತು ಗಟ್ಟಿ ಪದ ಆರಿಸಿ, ದಣಿದು ಬಂದವಳಿಗೆ ನೀರು ಕೊಟ್ಟ ಹಾಗಿರಲಿ ಅಂತ ಹತ್ತನೆಯದನ್ನು ಎಲ್ಲಕ್ಕಿಂತ ಸುಲಭದ್ದು ಮಾಡಿದೆ. ಭಲೇ ಯರ್ರಿಸ್ವಾಮಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೂರ್ಖ!

ಭಾನುವಾರ ಪಡಸಾಲೆ ತುಂಬಿತ್ತು. ಒಳಬಾಗಿಲು ಅರ್ಧ ಮುಚ್ಚಿತ್ತು, ಅದರ ಹಿಂದೆ ಆಕೆ. ಲಕ್ಷ್ಮಕ್ಕ ದೊಡ್ಡಪ್ಪನ ಪಕ್ಕ ಕೈಕಟ್ಟಿ ಕೂತಿದ್ದಳು. ಸಂಗಪ್ಪ ಕಂಬದ ಮರೆಯಲ್ಲಿ ನೆಲ ನೋಡುತ್ತಿದ್ದ. ಒಂದೊಂದು ಪದಕ್ಕೂ ಇಪ್ಪತ್ತು ಎಣಿಸುವಷ್ಟು ಹೊತ್ತು. ಎಣಿಸುವವರು ಅಂಗಡಿ ಶಿವಮೂರ್ತಪ್ಪ. ವ್ಯಾಪಾರಸ್ಥರು ಒಂದು ಅನ್ನುವುದಿಲ್ಲವಲ್ಲ, “ಲಾಭ, ಎರಡು, ಮೂರು…” ಎಂದು ಶುರು ಮಾಡುತ್ತಿದ್ದರು.

“ತಾವರೆ” ಎಂದೆ.

ಕಾಳು ಸರಿದ ಸದ್ದು. “ತಾರೆ” ಎಂದಿತು ಒಳಗಿನ ದನಿ. ಶಿವಮೂರ್ತಪ್ಪ ಇನ್ನೂ ನಾಲ್ಕರಲ್ಲಿದ್ದರು.

“ಮಲಗು.”

“ಮಗು.”

“ಕವಡೆ.”

“ಕಡೆ.”

“ಕರಡಿ.”

ಕಾಳು ಎರಡು ಸಲ ಸರಿದ ಮೇಲೆ ಆಕೆ ಕೇಳಿದಳು: “ಯಾವುದು ಬೇಕ್ರೀ? ನಡುವಿಂದು ತೆಗೆದ್ರೆ ಕಡಿ ಆಗ್ತತಿ. ಕಡೇದು ತೆಗೆದ್ರೆ ಕರ ಆಗ್ತತಿ.”

ನಾನು ತಬ್ಬಿಬ್ಬಾದೆ. ಕರಡಿಯಲ್ಲಿ ಕರಿ ಇದೆ, ಅಂದರೆ ಆನೆ ಇದೆ ಅಂತ ಸಂಭ್ರಮಪಟ್ಟು ಬರೆದವನು ನಾನು. ಕಡಿ ನನಗೆ ಕಂಡೇ ಇರಲಿಲ್ಲ. ಆದರೆ ಆಕೆಯ ಲೆಕ್ಕ ತಪ್ಪೇ? ‘ಕ, ರ, ಡಿ’, ನಡುವಿನದು ‘ರ’. ಅದು ಹೋದರೆ ‘ಕಡಿ’.

“ಅಮ್ಮ, ಕಡೇದು ತೆಗೆದ್ರೆ ಕರಿ ಆಗಲ್ವೇ?” ಎಂದೆ.

“ತಡೀರಿ, ಇನ್ನೊಂದ್ಸಲ ಕಾಳಿಡ್ತೀನಿ. ನಡುವಿಂದು ಹೋದ್ರೆ ಕಡಿ. ಡಿ ಹೋದ್ರೆ ‘ಕರ’ ಉಳೀತತಿ. ಕರಿ ಆಗಂಗಿಲ್ಲ ಬಿಡ್ರಿ.”

ಸರಿಯಪ್ಪ! ಕರಿ ಆಗುವುದಿಲ್ಲ. ‘ಡಿ’ ಹೋದರೆ ಗುಣಿತವೂ ಅದರ ಜೊತೆಗೇ ಹೋಗಬೇಕು, ಉಳಿಯುವುದು ‘ಕರ’. ನಾನು ಮೇಷ್ಟ್ರು, ಡ ತೆಗೆದು ಗುಡಿಸನ್ನು ಉಳಿಸಿಕೊಂಡಿದ್ದೆ. ಕಿವಿಯಿಂದಲೇ ಲೆಕ್ಕ ಹಾಕುವವಳು ನನ್ನ ತಪ್ಪು ಹಿಡಿದಿದ್ದಳು. “ಕಡಿ ಸರಿ, ತಪ್ಪು ನಂದೇ” ಎಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಮುರುಗೇಶಪ್ಪ ಮೊದಲ ಸಲ ಬಾಗಿಲ ಕಡೆ ತಿರುಗಿ ನೋಡಿದರು.

ಆಮೇಲೆ ‘ಬಯಲು’ ‘ಬಲು’ ಆಯಿತು, ‘ಕಡಲೆ’ ‘ಕಲೆ’ ಆಯಿತು, ‘ಅರಳು’ ‘ಅಳು’ ಆಯಿತು, ‘ಕಾವಲು’ ‘ಕಾಲು’ ಆಯಿತು. ‘ಬಸರಿ’ ಎಂದಾಗ ಶಿವಮೂರ್ತಪ್ಪ ‘ಲಾಭ’ ಅನ್ನುವಷ್ಟರಲ್ಲೇ “ಸರಿ” ಬಂತು. ಒಂಬತ್ತು! ಜನ ಮೊಣಕಾಲ ಮೇಲೆ ಎದ್ದು ಕೂತಿದ್ದರು. ಲಕ್ಷ್ಮಕ್ಕನ ಕಣ್ಣು ಮಿಂಚುತ್ತಿದ್ದವು.

ನಾನು ನಗುತ್ತಾ ಹತ್ತನೆಯದನ್ನು ಓದಿದೆ. “ಸಂಗಡ.”

ಒಳಗೆ ಕಾಳಿನ ಸದ್ದೇ ಇಲ್ಲ.

“ಲಾಭ, ಎರಡು, ಮೂರು…”

ಬಳೆ ಒಮ್ಮೆ ಗಲ್ ಅಂದು ನಿಂತಿತು. ಐದು. ಆರು. ನನಗೆ ಆಶ್ಚರ್ಯ. ಕೊನೆಯ ಅಕ್ಷರ ಬಿಟ್ಟರೆ ‘ಸಂಗ’, ಇದನ್ನು ಮೂರು ವರ್ಷದ ಕೂಸೂ ಹೇಳುತ್ತದೆ. ಕಂಬದ ಮರೆಯಲ್ಲಿದ್ದ ಸಂಗಪ್ಪ ತಟ್ಟನೆ ತಲೆ ಎತ್ತಿ ನನ್ನನ್ನು ನೋಡಿದ. ಆಗ ನನಗೆ ಹೊಳೆಯಿತು. ಅಯ್ಯೋ ಶಿವನೇ! ಗಂಡನ ಹೆಸರು! ನಮ್ಮ ಸೀಮೆಯ ಯಾವ ಹೆಣ್ಣುಮಗಳು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಾಳೆ? ಅದನ್ನು ಹೋಲುವ ಮಾತನ್ನೂ ಆಡುವುದಿಲ್ಲ. ಈಕೆ ‘ಸಂಗಡ’ ಅನ್ನುವ ಕಡೆಯಲ್ಲೆಲ್ಲ ‘ಜೊತೆ’ ಎಂದೇ ಬಾಳಿದವಳಿರಬೇಕು. ನನ್ನ ಹೆಂಡತಿ ನನ್ನನ್ನು ‘ಇವರು’ ಅನ್ನುವುದನ್ನು ದಿನಾ ಕೇಳುವ ನಾನು, ಇಷ್ಟು ಯೋಚಿಸದೆ, ಸುಲಭ ಅಂತ ಆರಿಸಿ ಆಕೆಯ ಬಾಯಿ ಕಟ್ಟಿದ್ದೆ.

“ಬೇರೆ ಪದ ಕೊಡ್ತೀನಿ” ಎಂದೆ.

“ಹಂಗೆಲ್ಲ ಇಲ್ಲ. ಮಾತು ಅಂದ್ರೆ ಮಾತು” ಎಂದರು ಮುರುಗೇಶಪ್ಪ. ಅವರಿಗೆ ತಮ್ಮನ ಹೆಸರು ಹೊಳೆದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹನ್ನೊಂದು. ಹನ್ನೆರಡು. ಲಕ್ಷ್ಮಕ್ಕನ ಮುಖ ಬಾಡಿತು. “ಅವ್ವಾ, ಹೇಳವ್ವಾ” ಎಂದು ಗೋಗರೆದಳು. ಹದಿನಾಲ್ಕು. ನನಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು.

ಹದಿನಾರಕ್ಕೆ ಬಾಗಿಲ ಹಿಂದೆ ಕಾಳು ಸರಿದವು. ಒಂದಲ್ಲ, ಪಟಪಟ ಅಂತ ಹಲವು.

“ಮಾವ್ನೋರೇ,” ಎಂದಿತು ದನಿ. ಭಾವನನ್ನು ಆಕೆ ಕರೆಯುತ್ತಿದ್ದದ್ದು ಹಾಗೆ. “ಸಂಸಾರದಾಗೆ ಒಂದು ತೆಗೀರಿ, ಸಾರ ಉಳೀತತಿ. ಜಗಳದಾಗೆ ಒಂದು ತೆಗೀರಿ, ಜಳ ಉಳೀತತಿ. ತೆಗೆದಿದ್ದು ಎರಡೂ ಒಟ್ಟು ಮಾಡ್ರಿ. ಅದೇ ನನ್ನ ಉತ್ತರ.”

ಶಿವಮೂರ್ತಪ್ಪ ಎಣಿಸುವುದನ್ನೇ ಮರೆತು ಬೆರಳು ಮಡಚತೊಡಗಿದರು. “ಸಂಸಾರ… ಸಾರ… ‘ಸಂ’ ಹೋತು. ಜಗಳ… ಜಳ… ‘ಗ’ ಹೋತು. ಸಂ… ಗ… ಏ! ಸಂಗ! ಸಂಗ ಕಣ್ರಪ್ಪೋ!”

ಜನ ಹೋ ಎಂದು ಕೂಗಿದರು. ನಾನು ಹತ್ತು ಪದ ಹುಡುಕಲು ಮೂರು ದಿನ ತಿಣುಕಿ, ಅದರಲ್ಲೂ ಒಂದನ್ನು ಕೆಡಿಸಿದ್ದೆ. ಆಕೆ ಇಪ್ಪತ್ತು ಎಣಿಸುವ ಮೊದಲೇ ಒಗಟನ್ನು ತಿರುಗಿಸಿ ಕಟ್ಟಿ, ಉತ್ತರವನ್ನು ನಮ್ಮ ಬಾಯಿಂದಲೇ ಹೇಳಿಸಿದ್ದಳು. ಹೇಳಬಾರದ್ದನ್ನು ಹೇಳಲೂ ಇಲ್ಲ, ಸೋಲಲೂ ಇಲ್ಲ. ಇಂಥ ಬುದ್ಧಿಗೆ ಏನೆನ್ನಲಿ?

ಮುರುಗೇಶಪ್ಪ ಗಡ್ಡ ಸವರಿಕೊಂಡರು. ಆಮೇಲೆ ಹೇಳಿದರು: “ಬಿಡಿಸೋರು ಊರಾಗೆ ಹತ್ತು ಜನ ಇದೀವಿ. ಕಟ್ಟಾಕೆ ಯಾರಿಗೂ ಬರ್ಲಿಲ್ಲ. ಲಕ್ಷ್ಮೀ, ಬಟ್ಟೆ ಕಟ್ಕೋ. ನಾಡಿದ್ದು ಬಸ್ಸಿಗೆ ಹೊನ್ನಾಳಿಗೆ ಹೋಗೋಣ, ನಾನೇ ಬರ್ತೀನಿ.” ನನ್ನ ಕಡೆ ತಿರುಗಿ, “ಮೇಷ್ಟ್ರೇ, ಆಕಿ ಕಟ್ಟಿದ್ದನ್ನ ಪತ್ರಿಕೆಗೆ ಕಳಸ್ರಿ. ಅಚ್ಚಾಗ್ಲಿ” ಎಂದರು.

ನಾನು ಅಲ್ಲೇ ಒಂದು ಕಾರ್ಡು ತೆಗೆದು ಬರೆದೆ. ಕೆಳಗೆ ‘ಕಳಿಸಿದವರು’ ಎಂದು ಬರೆದು ಲೇಖನಿ ನಿಂತಿತು. ಆಕೆಯ ಹೆಸರೇನು? ಎರಡು ವರ್ಷದಿಂದ ಲಕ್ಷ್ಮಕ್ಕನ ಅವ್ವ ಅಂತಲೇ ಅಂದವನು ನಾನು. ಶಿವಮೂರ್ತಪ್ಪನವರ ಮುಖ ನೋಡಿದೆ, ಅವರಿಗೂ ಗೊತ್ತಿಲ್ಲ. ಅಲ್ಲಿ ಕೂತ ಹೊರಗಿನವರು ಯಾರಿಗೂ ಗೊತ್ತಿರಲಿಲ್ಲ.

“ಸಂಗಪ್ಪನ ಹೆಂಡ್ತಿ ಅಂತ ಬರೀರಿ, ಸಾಕು” ಎಂದರು ಮುರುಗೇಶಪ್ಪ.

ಆಗ ಕಂಬದ ಹಿಂದಿಂದ ಸಂಗಪ್ಪ ಎದ್ದು ನಿಂತ. ಅಣ್ಣನ ಮುಂದೆ, ಅಷ್ಟು ಜನರ ಮುಂದೆ, ಯಾವತ್ತೂ ದನಿ ಎತ್ತದವನು ಪಡಸಾಲೆಗೆಲ್ಲ ಕೇಳುವ ಹಾಗೆ ಹೇಳಿದ.

“ಸಾವಂತ್ರಮ್ಮ ಅಂತ ಬರೀರಿ ಮೇಷ್ಟ್ರೇ. ಆಕಿ ಹೆಸರು ಸಾವಂತ್ರಮ್ಮ.”